ಆರು ಸಾವಿರ ಆಪ್ಷನ್, ಒಂದೇ ಕಂಪನಿ: ವಿನೋಬನಗರದ ಒಂದು ಪ್ರಕರಣ

ಈ ಪ್ರಕರಣದ ಎಂಜಿನಿಯರ್ ಇರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಮಾಡುವುದು ಮನೆಯಿಂದಲೇ. ಗಂಡ ಇಲ್ಲಿನ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕರು. ತವರು ಹೊಸನಗರ ತಾಲ್ಲೂಕಿನ ನಗರ ಹೋಬಳಿ, ಅಲ್ಲಿ ತಂದೆಯವರ ಅಡಿಕೆ ತೋಟವಿದೆ. 2025ರ ಫೆಬ್ರುವರಿಯಲ್ಲಿ, ಬಜೆಟ್ ಮುಗಿದ ಬೆನ್ನಿಗೆ, ಆಕೆ ತಮ್ಮ ಇಎಸ್‌ಒಪಿ, ಅಂದರೆ ಕಂಪನಿ ತನ್ನ ನೌಕರರಿಗೆ ಕೊಡುವ ಷೇರು ಕೊಳ್ಳುವ ಹಕ್ಕಿನ, ಕಾಗದಗಳನ್ನು ತೆಗೆದುಕೊಂಡು ನನ್ನ ಬಳಿ ಬಂದರು. ಶಿವಮೊಗ್ಗದಲ್ಲಿ ತೆರಿಗೆ ಲೆಕ್ಕ ನೋಡುವ ನನ್ನಂಥವರ ಬಳಿ ಹತ್ತು ವರ್ಷದ ಹಿಂದೆ ಇಂಥ ಕಾಗದ ಬರುತ್ತಿದ್ದುದು ಅಪರೂಪ. ಮನೆಯಿಂದ ಕೆಲಸ ಶುರುವಾದ ಮೇಲೆ ತೀರ್ಥಹಳ್ಳಿ, ಸಾಗರ, ಕೊಪ್ಪದ ಕಡೆಯಿಂದಲೂ ಬರುತ್ತಿವೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಸಂಖ್ಯೆಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಾಗಿಸಿದ್ದೇನೆ.

ಅವರ ಕೈಯಲ್ಲಿ ಇದ್ದದ್ದು ಮೂರು ಬಗೆಯದು. ಮೊದಲನೆಯದು 2,500 ಷೇರು. ಕಂಪನಿ ಇನ್ನೂ ಷೇರುಪೇಟೆಗೆ ಬರುವ ಮೊದಲು, 2022ರಲ್ಲಿ, ಆಪ್ಷನ್ ಎಕ್ಸರ್‌ಸೈಸ್ ಮಾಡಿ, ಅಂದರೆ ನಿಗದಿತ ಬೆಲೆ ಕಟ್ಟಿ, ಪಡೆದವು. ಎರಡನೆಯದು ವೆಸ್ಟ್ ಆಗಿದ್ದರೂ, ಅಂದರೆ ಬಳಸುವ ಹಕ್ಕು ಕೈಗೆ ಬಂದಿದ್ದರೂ, ಇನ್ನೂ ಎಕ್ಸರ್‌ಸೈಸ್ ಮಾಡದ 6,000 ಆಪ್ಷನ್. ಅಂದರೆ ಒಂದೊಂದಕ್ಕೆ 10 ರೂಪಾಯಿ ಕಟ್ಟಿದರೆ ಒಂದೊಂದು ಷೇರು ಬರುತ್ತದೆ. ಮೂರನೆಯದು ಮುಂದಿನ ಎರಡು ವರ್ಷಗಳಲ್ಲಿ ವೆಸ್ಟ್ ಆಗಬೇಕಿರುವ 2,000 ಆಪ್ಷನ್. ಕಂಪನಿ ಈಗ ಷೇರುಪೇಟೆಯಲ್ಲಿದೆ, ಆ ದಿನಗಳಲ್ಲಿ ಬೆಲೆ 910 ರೂಪಾಯಿ. ಆಕೆಯ ತೆರಿಗೆಗೆ ಒಳಪಡುವ ಸಂಬಳ ವರ್ಷಕ್ಕೆ 34 ಲಕ್ಷ, ಹೊಸ ತೆರಿಗೆ ಪದ್ಧತಿಯಲ್ಲಿ.

ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಅವರಿಗೆ ಹೀಗೆ ಹೇಳಿದ್ದರು: ಏಪ್ರಿಲ್‌ನಲ್ಲಿ ಎಲ್ಲ ಆರು ಸಾವಿರವನ್ನೂ ಎಕ್ಸರ್‌ಸೈಸ್ ಮಾಡಿಬಿಡು, ಒಂದು ವರ್ಷ ಮುಟ್ಟಬೇಡ, ಆಮೇಲೆ ಮಾರಿದರೆ ಶೇ 12.5 ಮಾತ್ರ ತೆರಿಗೆ. ಈ ಸಲಹೆಯನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಇದರಲ್ಲಿರುವ ಒಂದು ತಪ್ಪು ತಿಳುವಳಿಕೆ ಈ ಕುಟುಂಬಕ್ಕೆ ಇಪ್ಪತ್ತು ಲಕ್ಷದಷ್ಟು ನಷ್ಟ ತರಬಹುದಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ತೆರಿಗೆ ಬೀಳುವುದು ಯಾವಾಗ

ಆಪ್ಷನ್ ಕೊಟ್ಟ ದಿನ ತೆರಿಗೆ ಇಲ್ಲ, ವೆಸ್ಟ್ ಆದ ದಿನವೂ ಇಲ್ಲ. ಎಕ್ಸರ್‌ಸೈಸ್ ಮಾಡಿದ ದಿನ ಷೇರಿನ ಪೇಟೆ ಬೆಲೆ ಎಷ್ಟಿದೆಯೋ ಅದರಲ್ಲಿ ನಾವು ಕಟ್ಟಿದ್ದನ್ನು ಕಳೆದು, ಉಳಿದದ್ದನ್ನು ಸಂಬಳವೆಂದೇ ಕಾನೂನು ಎಣಿಸುತ್ತದೆ. ಇದಕ್ಕೆ ಪರ್ಕ್ವಿಸಿಟ್ ಎನ್ನುತ್ತಾರೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಆ ದಿನದ ಆರಂಭದ ಬೆಲೆ ಮತ್ತು ಮುಕ್ತಾಯದ ಬೆಲೆಯ ಸರಾಸರಿಯನ್ನು ಹಿಡಿಯುತ್ತಾರೆ. ಪೇಟೆಯಲ್ಲಿಲ್ಲದ ಕಂಪನಿಯಾದರೆ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಮೌಲ್ಯ. ಈ ಮೊತ್ತಕ್ಕೆ ಶೇ 12.5ರ ದರ ಎಂದೂ ತಾಗುವುದಿಲ್ಲ. ಸಂಬಳದ ಮೇಲೆ ಎಷ್ಟೋ ಅಷ್ಟೇ, ಆಕೆಯ ಮಟ್ಟಿಗೆ ಶೇ 30, ಅದರ ಮೇಲೆ ಸೆಸ್.

ಎಕ್ಸರ್‌ಸೈಸ್ ದಿನದ ಬೆಲೆಗಿಂತ ಮುಂದೆ ಷೇರು ಎಷ್ಟು ಏರುತ್ತದೋ ಆ ಏರಿಕೆಗೆ ಮಾತ್ರ ಬಂಡವಾಳ ಲಾಭದ ತೆರಿಗೆ. ಒಂದು ವರ್ಷದೊಳಗೆ ಮಾರಿದರೆ ಶೇ 20. ವರ್ಷ ದಾಟಿದರೆ ಶೇ 12.5, ಅದರಲ್ಲೂ ವರ್ಷಕ್ಕೆ 1.25 ಲಕ್ಷದ ತನಕ ವಿನಾಯಿತಿ. ಎಕ್ಸರ್‌ಸೈಸ್ ಮಾಡಿದ ದಿನವೇ, ಅದೇ ಬೆಲೆಗೆ ಮಾರಿದರೆ ಲಾಭ ಸೊನ್ನೆ, ಹಾಗಾಗಿ ಈ ತೆರಿಗೆಯೂ ಸೊನ್ನೆ. ವರ್ಷ ಕಾಯುವುದರಿಂದ ಕಡಿಮೆಯಾಗುವುದು ಇನ್ನೂ ಹುಟ್ಟದ ಲಾಭದ ಮೇಲಿನ ತೆರಿಗೆ ಮಾತ್ರ. 10 ರೂಪಾಯಿಯಿಂದ 910ಕ್ಕೆ ಆಗಲೇ ಏರಿರುವ 900 ರೂಪಾಯಿಯ ಮೇಲಿನ ತೆರಿಗೆ ಒಂದು ಪೈಸೆಯೂ ಇಳಿಯುವುದಿಲ್ಲ.

ಆಕೆಯ ಲೆಕ್ಕವನ್ನು 2025–26ರ ದರದಲ್ಲಿ ಹಾಕಿದೆವು. ಆರು ಸಾವಿರಕ್ಕೆ ಒಂಬೈನೂರರಂತೆ 54 ಲಕ್ಷ ಪರ್ಕ್ವಿಸಿಟ್. ಸಂಬಳ ಸೇರಿ ಆದಾಯ 88 ಲಕ್ಷ. ಆದಾಯ 50 ಲಕ್ಷ ದಾಟಿದ್ದರಿಂದ ತೆರಿಗೆಯ ಮೇಲೆ ಶೇ 10 ಸರ್‌ಚಾರ್ಜ್ ಕೂಡ ಬರುತ್ತದೆ. ಸಂಬಳ ಮಾತ್ರ ಇದ್ದಿದ್ದರೆ ತೆರಿಗೆ ಸುಮಾರು 6.24 ಲಕ್ಷ ಆಗುತ್ತಿತ್ತು. ಈಗ ಅದು 25.4 ಲಕ್ಷ. ಅಂದರೆ ಆಪ್ಷನ್‌ನಿಂದಾಗಿ ಹೆಚ್ಚುವರಿ ತೆರಿಗೆ ಸುಮಾರು 19.16 ಲಕ್ಷ. ಒಂದು ಷೇರನ್ನೂ ಮಾರುವ ಮೊದಲೇ ಇಷ್ಟು ಹಣವನ್ನು ಕಂಪನಿ ಟಿಡಿಎಸ್ ಎಂದು ವಸೂಲಿ ಮಾಡುತ್ತದೆ.

ಸಹೋದ್ಯೋಗಿ ಹೇಳಿದ ಹಾಗೆ ಷೇರು ಇಟ್ಟುಕೊಂಡು, ವರ್ಷದಲ್ಲಿ ಬೆಲೆ ಶೇ 40 ಬಿದ್ದು 546ಕ್ಕೆ ಬಂತು ಎಂದಿಟ್ಟುಕೊಳ್ಳಿ. ಆಗ ಷೇರಿನ ಮೌಲ್ಯ 32.76 ಲಕ್ಷ. ಕಟ್ಟಿದ ತೆರಿಗೆ ಮತ್ತು ಎಕ್ಸರ್‌ಸೈಸ್ ಹಣ ಕಳೆದರೆ ಕೈಗುಳಿಯುವುದು 13 ಲಕ್ಷ. ಮೊದಲ ದಿನವೇ ಮಾರಿದ್ದರೆ ಸುಮಾರು 34.8 ಲಕ್ಷ ಉಳಿಯುತ್ತಿತ್ತು. ಬೆಲೆ ಬಿದ್ದದ್ದು ಶೇ 40, ಕೈಗೆ ಬರುವ ಹಣ ಕುಸಿದದ್ದು ಶೇ 60ಕ್ಕೂ ಹೆಚ್ಚು. ತೆರಿಗೆ 910ರ ಬೆಲೆಗೆ ಆಗಲೇ ಮುಗಿದುಹೋಗಿದೆ, ಷೇರು ಬಿತ್ತೆಂದು ಅದು ವಾಪಸು ಬರುವುದಿಲ್ಲ. ಸುಮಾರು 21.8 ಲಕ್ಷದ ಬಂಡವಾಳ ನಷ್ಟ ಪುಸ್ತಕದಲ್ಲಿ ಉಳಿಯುತ್ತದೆ. ಅದನ್ನು ಸಂಬಳದ ಆದಾಯದಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಬಂಡವಾಳ ಲಾಭ ಬಂದಾಗ ಮಾತ್ರ ಉಪಯೋಗ. ವರ್ಷ ದಾಟಿದ ಮೇಲೆ ಆದ ನಷ್ಟವಾದರೆ ದೀರ್ಘಾವಧಿ ಲಾಭಕ್ಕೆ ಮಾತ್ರ ಹೊಂದುತ್ತದೆ.

ಈ ಲೆಕ್ಕ ನೋಡಿದ ಮೇಲೆ ಆಕೆ ಕೇಳಿದ್ದು ಸರಿಯಾದ ಪ್ರಶ್ನೆ: "ಹಾಗಾದ್ರೆ ಸರ್, ಕಂಪನಿ ಮೇಲೆ ನಂಬಿಕೆ ಇದ್ರೂ ಇಟ್ಕೊಳ್ಳೋದೇ ತಪ್ಪಾ?"

ನಂಬಿಕೆ ಇದ್ದರೆ ಇಟ್ಟುಕೊಳ್ಳಬಹುದು. ಆದರೆ ಇಟ್ಟುಕೊಳ್ಳಬೇಕಾದ್ದು ಎಕ್ಸರ್‌ಸೈಸ್ ಮಾಡದ ಆಪ್ಷನ್ ರೂಪದಲ್ಲಿ. ಬೆಲೆ ಏರಿದರೆ ಆಪ್ಷನ್‌ನ ಮೌಲ್ಯವೂ ಅಷ್ಟೇ ಏರುತ್ತದೆ. ಬಿದ್ದರೆ ತೆರಿಗೆಯೂ ಬಿದ್ದ ಬೆಲೆಗೇ ಲೆಕ್ಕವಾಗುತ್ತದೆ, ಮೊದಲೇ ಕಟ್ಟಿ ಕಳೆದುಕೊಳ್ಳುವುದಿಲ್ಲ. ಏರಿಕೆಯ ಮೇಲೆ ಮುಂದೆ ಶೇ 12.5ರ ಬದಲು ಶೇ 30 ಕಟ್ಟಬೇಕಾಗುತ್ತದೆ ಎಂಬುದು ಇದರ ಬೆಲೆ. ಷೇರು ಬಹಳ ಏರುತ್ತದೆ ಎಂದು ಖಚಿತವಿದ್ದವರಿಗೆ ಆ ವ್ಯತ್ಯಾಸ ದೊಡ್ಡದೇ. ಆ ಖಾತ್ರಿ ಇಲ್ಲದವರಿಗೆ 19 ಲಕ್ಷ ತೆರಿಗೆಯನ್ನು ಮೊದಲೇ ಕಟ್ಟಿ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ಎಕ್ಸರ್‌ಸೈಸ್ ಮಾಡಿ ತೆರಿಗೆ ಕಟ್ಟಿಯಾದ ಷೇರು ಮಾತ್ರ ಬೇರೆ ಮಾತು. ಅದಕ್ಕೆ ಇಎಸ್‌ಒಪಿಯ ಯಾವ ವಿಶೇಷವೂ ಉಳಿದಿಲ್ಲ. ಆ ದಿನ ಅಷ್ಟೇ ನಗದು ಕೊಟ್ಟು ಪೇಟೆಯಲ್ಲಿ ಕೊಂಡ ಷೇರಿಗೂ ಅದಕ್ಕೂ ವ್ಯತ್ಯಾಸವಿಲ್ಲ. ನಾನು ಆಕೆಯನ್ನು ಕೇಳಿದೆ: "ಬೋನಸ್ ಅಂತ 22 ಲಕ್ಷ ನಗದು ಕೊಟ್ಟಿದ್ರೆ, ಅಷ್ಟಕ್ಕೂ ನಿಮ್ಮ ಕಂಪನಿ ಷೇರೇ ತಗೋತಿದ್ರಾ?" ಒಂದೆರಡು ಲಕ್ಷಕ್ಕೆ ತಗೋತಿದ್ದೆ ಎಂದರು.

ಎಷ್ಟು ಒಂದೇ ಕಡೆ ಇದೆ

ಕಂಪನಿಯ ಹೊರಗೆ ಆ ಕುಟುಂಬದ ಹಣಕಾಸಿನ ಆಸ್ತಿ ಹೀಗಿತ್ತು: ಭವಿಷ್ಯ ನಿಧಿಯಲ್ಲಿ 14 ಲಕ್ಷ, ಬ್ಯಾಂಕ್ ಠೇವಣಿ 6 ಲಕ್ಷ, ಮ್ಯೂಚುವಲ್ ಫಂಡ್ 4 ಲಕ್ಷ. ಒಟ್ಟು 24 ಲಕ್ಷ. ಕಂಪನಿಯೊಳಗಿನದ್ದನ್ನು ತೆರಿಗೆ ಕಳೆದು ಹಿಡಿದರೆ ಷೇರು ಮತ್ತು ವೆಸ್ಟ್ ಆದ ಆಪ್ಷನ್ ಸೇರಿ ಸುಮಾರು 56 ಲಕ್ಷ. ಅಂದರೆ ನೂರಕ್ಕೆ ಎಪ್ಪತ್ತು ಪಾಲು ಒಂದೇ ಕಂಪನಿಯ ಮೇಲೆ ನಿಂತಿದೆ. ತೆರಿಗೆ ಕಳೆಯದೆ ಎಣಿಸುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ಕೆಲಸ. ಆಗ ಇರುವುದಕ್ಕಿಂತ ಶ್ರೀಮಂತರಂತೆ ಕಾಣುತ್ತೇವೆ, ಖರ್ಚಿನ ನಿರ್ಧಾರಗಳೂ ಅದೇ ಹಾದಿ ಹಿಡಿಯುತ್ತವೆ.

ಇದು ಆಸ್ತಿಯ ಲೆಕ್ಕ ಮಾತ್ರ. ಸಂಬಳ ಬರುವುದು ಅದೇ ಕಂಪನಿಯಿಂದ. ವಿನೋಬನಗರದ ಮನೆಯ ಮೇಲೆ 28 ಲಕ್ಷ ಸಾಲ ಉಳಿದಿದೆ, ಕಂತು ಆ ಸಂಬಳದಿಂದಲೇ ಹೋಗಬೇಕು. ತಂದೆ ತಾಯಿಯ ಆರೋಗ್ಯ ವಿಮೆ ಕಂಪನಿಯ ಗುಂಪು ವಿಮೆಯಲ್ಲಿದೆ. ಇನ್ನೊಂದನ್ನು ಆಕೆಯೂ ಯೋಚಿಸಿರಲಿಲ್ಲ: ಶಿವಮೊಗ್ಗದಲ್ಲಿ ಕುಳಿತು ಬೆಂಗಳೂರಿನ ಸಂಬಳ ಪಡೆಯುವುದು ಕಂಪನಿಯ ಈಗಿನ ನಿಯಮದ ದಯೆ. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬನ್ನಿ ಎಂದರೆ ಒಂದೋ ಬೆಂಗಳೂರಿನಲ್ಲಿ ಎರಡನೇ ಬಾಡಿಗೆ, ಇಲ್ಲವೇ ಕೆಲಸ ಬಿಡುವುದು. ಕಂಪನಿಗೆ ಕಷ್ಟ ಬಂದ ವರ್ಷವೇ ಷೇರು ಬೀಳುತ್ತದೆ, ಆ ವರ್ಷವೇ ಜನರನ್ನು ತೆಗೆಯುತ್ತಾರೆ, ಆ ವರ್ಷವೇ ಇಂಥ ಆದೇಶಗಳೂ ಬರುತ್ತವೆ. ಬೇರೆ ಬೇರೆಯಾಗಿ ಕಾಣುವ ಈ ಅಪಾಯಗಳೆಲ್ಲ ಒಟ್ಟಿಗೆ ಬರುವಂಥವು.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಲೆಕ್ಕಪತ್ರ ಸುಳ್ಳೆಂದು ಒಪ್ಪಿಕೊಂಡ ದಿನ ಷೇರು ಒಂದೇ ವಹಿವಾಟಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬಿತ್ತು. ಹಿಂದಿನ ದಿನದವರೆಗೆ ಅದು ದೇಶದ ದೊಡ್ಡ ಐಟಿ ಕಂಪನಿಗಳಲ್ಲಿ ಒಂದು. ಅಲ್ಲಿ ದುಡಿಯುತ್ತಿದ್ದ ಸಾವಿರಾರು ಎಂಜಿನಿಯರುಗಳಿಗೆ ಒಳಗಿನ ಸುದ್ದಿ ಗೊತ್ತಿರಲಿಲ್ಲ. "ನಾನು ಒಳಗಿನವಳು, ನನಗೆ ಕಂಪನಿ ಗೊತ್ತು" ಎಂಬ ಮಾತನ್ನು ಆಕೆಯೂ ಆಡಿದರು. ಒಬ್ಬ ಎಂಜಿನಿಯರಿಗೆ ತನ್ನ ತಂಡದ ಉತ್ಪನ್ನ ಚೆನ್ನಾಗಿ ಗೊತ್ತಿರುತ್ತದೆ. ಲೆಕ್ಕಪತ್ರ, ದೊಡ್ಡ ಗ್ರಾಹಕರ ಒಪ್ಪಂದ, ಹೂಡಿಕೆದಾರರ ಮನಸ್ಸು ಗೊತ್ತಿರುವುದಿಲ್ಲ. ಒಂದು ವೇಳೆ ನಿಜಕ್ಕೂ ಗುಟ್ಟಿನ ಸುದ್ದಿ ಗೊತ್ತಿದ್ದರೆ ಅದನ್ನು ನಂಬಿ ವಹಿವಾಟು ಮಾಡುವುದು ಸೆಬಿ ನಿಯಮದ ಪ್ರಕಾರ ಅಪರಾಧ.

ಈ ಮಾತುಕತೆಗೆ ಅವರ ತಂದೆಯೂ ಒಂದು ದಿನ ಬಂದಿದ್ದರು. ಅಡಿಕೆಯನ್ನು ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೆ ಹಾಕಿ ಹಾಗೇ ಬಂದವರು. ನೆರೆಯ ಒಂದೆಕರೆ ತೋಟ ಮಾರಾಟಕ್ಕಿದೆ, ಮಗಳ ಷೇರಿನ ಹಣದಲ್ಲಿ ಕೊಳ್ಳಬಹುದೇ ಎಂಬುದು ಅವರ ಮನಸ್ಸಿನಲ್ಲಿತ್ತು. ಆದರೆ ಲೆಕ್ಕ ಕೇಳಿದ ಮೇಲೆ ಅವರೇ ಹೇಳಿದರು: "ಎಲೆಚುಕ್ಕೆ ಬಂದ ವರ್ಷ ಅಡಿಕೆ ಅರ್ಧಕ್ಕರ್ಧ ಹೋಯ್ತು. ಮರಕ್ಕೆ ಹಬ್ಬಿಸಿದ ಕಾಳುಮೆಣಸು ಇದ್ದಿದ್ದಕ್ಕೆ ಬ್ಯಾಂಕಿನ ಸಾಲ ಕಟ್ಟಿದ್ವಿ. ನಿಂದು ಬರೀ ಅಡಿಕೆ ಆಗೋಯ್ತಲ್ಲ ಮಗಾ." ಅಪ್ಪಯ್ಯನ ಈ ಮಾತು ನನ್ನ ಕೋಷ್ಟಕಗಳಿಗಿಂತ ಬೇಗ ಆಕೆಯ ಮನಸ್ಸಿಗೆ ನಾಟಿತು.

ತೋಟ ಕೊಳ್ಳುವ ವಿಚಾರದಲ್ಲಿ ತೆರಿಗೆಯ ಒಂದು ಮಾತು ಹೇಳಬೇಕು, ಮಲೆನಾಡಿನಲ್ಲಿ ಇದನ್ನು ಬಹಳ ಜನ ಕೇಳುತ್ತಾರೆ. ಷೇರು ಮಾರಿ ಬಂದ ಹಣದಲ್ಲಿ ಕೃಷಿ ಜಮೀನು ಕೊಂಡರೆ ಬಂಡವಾಳ ಲಾಭಕ್ಕೆ ಯಾವ ವಿನಾಯಿತಿಯೂ ಇಲ್ಲ. ವಾಸದ ಮನೆ ಕೊಂಡರೆ ಅಥವಾ ಕಟ್ಟಿದರೆ ಷರತ್ತಿನ ಮೇಲೆ ಇದೆ. ಅದಕ್ಕೂ ಲಾಭವನ್ನಷ್ಟೇ ಹಾಕಿದರೆ ಸಾಲದು, ಮಾರಿ ಬಂದ ಪೂರ್ತಿ ಹಣ ಹಾಕಬೇಕು, ಕಡಿಮೆ ಹಾಕಿದರೆ ವಿನಾಯಿತಿಯೂ ಅಷ್ಟೇ ಪಾಲು. ಆಪ್ಷನ್‌ನ ಪರ್ಕ್ವಿಸಿಟ್ ಸಂಬಳವಾದ್ದರಿಂದ ಅದಕ್ಕೆ ಈ ವಿನಾಯಿತಿ ತಾಗುವುದೇ ಇಲ್ಲ.

ಸರ್‌ಚಾರ್ಜ್‌ನ ಲೆಕ್ಕ

ಮಾರಬೇಕು ಎಂಬುದು ತೀರ್ಮಾನವಾದ ಮೇಲೆ ಯಾವುದನ್ನು, ಯಾವ ವರ್ಷ ಎಂಬ ಪ್ರಶ್ನೆ ಬಂತು. ಮೊದಲು ಹೋಗಬೇಕಾದ್ದು ಕೈಯಲ್ಲಿದ್ದ 2,500 ಷೇರು, ಏಕೆಂದರೆ ಅದರ ದೊಡ್ಡ ತೆರಿಗೆ 2022ರಲ್ಲೇ ಮುಗಿದಿದೆ. ಆಗ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಬೆಲೆ 400 ರೂಪಾಯಿ. ತೆರಿಗೆಯ ಮಟ್ಟಿಗೆ ಅದೇ ಆಕೆಯ ಕೊಳ್ಳುವ ಬೆಲೆ. 910ಕ್ಕೆ ಮಾರಿದರೆ ಲಾಭ 12.75 ಲಕ್ಷ, ವಿನಾಯಿತಿ ಕಳೆದು ಸೆಸ್ ಸೇರಿ ತೆರಿಗೆ ಸುಮಾರು ಒಂದೂವರೆ ಲಕ್ಷ. ಮಾರ್ಚ್ 31ರೊಳಗೆ ಮಾರಿದರೆ ಆ ವರ್ಷದ ಆದಾಯ 46.75 ಲಕ್ಷಕ್ಕೆ ನಿಲ್ಲುತ್ತದೆ, 50 ಲಕ್ಷದ ಗಡಿ ದಾಟುವುದಿಲ್ಲ.

ಆರು ಸಾವಿರ ಆಪ್ಷನ್‌ನ ವಿಷಯ ಅಷ್ಟು ನೇರವಲ್ಲ. ಆಕೆ ಮೊದಲು ಹೇಳಿದ್ದು ಎರಡು ವರ್ಷಕ್ಕೆ ಅರ್ಧರ್ಧ ಮಾಡೋಣ ಎಂದು. ಕೇಳಲು ನ್ಯಾಯವಾಗಿ ಕಾಣುತ್ತದೆ, ಆದರೆ ತೆರಿಗೆಯ ದೃಷ್ಟಿಯಿಂದ ಎಲ್ಲವನ್ನೂ ಒಂದೇ ವರ್ಷ ಮುಗಿಸುವುದಕ್ಕಿಂತ ಅದು ಕೆಟ್ಟದ್ದು. ಸರ್‌ಚಾರ್ಜ್ ಬೀಳುವುದು 50 ಲಕ್ಷ ದಾಟಿದ ಭಾಗದ ಮೇಲೆ ಮಾತ್ರವಲ್ಲ, ಸಂಬಳದ ತೆರಿಗೆಯೂ ಸೇರಿ ಆ ವರ್ಷದ ಇಡೀ ತೆರಿಗೆಯ ಮೇಲೆ. ಗಡಿಯನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇದೆ, ಆಕೆಯಂತೆ ಹತ್ತು ಲಕ್ಷದ ಮೇಲೆ ದಾಟಿದವರಿಗೆ ಅದು ಒದಗುವುದಿಲ್ಲ. ವರ್ಷಕ್ಕೆ 3,000ದಂತೆ ಮಾಡಿದರೆ ಎರಡೂ ವರ್ಷ ಆದಾಯ 61 ಲಕ್ಷ, ಎರಡೂ ವರ್ಷ ಸರ್‌ಚಾರ್ಜ್, ಒಟ್ಟು ಸುಮಾರು 2.93 ಲಕ್ಷ. ಎಲ್ಲವನ್ನೂ ಒಂದೇ ವರ್ಷ ಮಾಡಿದರೆ ಒಂದೇ ಸಲ, 2.31 ಲಕ್ಷ. ವರ್ಷಕ್ಕೆ 1,700 ಮೀರದಂತೆ ನಾಲ್ಕು ವರ್ಷ ಎಳೆದರೆ ಸರ್‌ಚಾರ್ಜ್ ಸೊನ್ನೆ.

ಹಾಗಾದರೆ ನಾಲ್ಕು ವರ್ಷವೇ ಸರಿಯಲ್ಲವೇ? ಇಲ್ಲಿ ತೆರಿಗೆಯನ್ನೂ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಆ 2.31 ಲಕ್ಷ ಉಳಿಸಲು ಆಪ್ಷನ್‌ಗಳನ್ನು ವರ್ಷಗಟ್ಟಲೆ ಹಿಡಿದಿಟ್ಟರೆ, ಬೆಲೆ ಸುಮಾರು ಶೇ 6 ಇಳಿದರೂ ತೆರಿಗೆ ಕಳೆದ ಲೆಕ್ಕದಲ್ಲಿ ಅಷ್ಟೇ ಹಣ ಹೋಗುತ್ತದೆ. ಒಂದು ಕಂಪನಿಯ ಷೇರು ಶೇ 6 ಏರುವುದೂ ಇಳಿಯುವುದೂ ಒಂದು ವಾರದ ಮಾತು. ಏರಿದರೆ ಲಾಭವೇ ಸರಿ. ಆದರೆ ಸಂಬಳ, ಸಾಲ, ವಿಮೆ ಎಲ್ಲ ಅದೇ ಕಂಪನಿಗೆ ಕಟ್ಟಿಕೊಂಡಿರುವ ಮನೆಗೆ ಆ ಏರಿಕೆಯಿಂದ ಆಗುವ ಸಂತೋಷಕ್ಕಿಂತ ಇಳಿಕೆಯಿಂದ ಆಗುವ ಪೆಟ್ಟು ಬಹಳ ದೊಡ್ಡದು. ಸರ್‌ಚಾರ್ಜ್ ತಪ್ಪಿಸಲೆಂದೇ ನಾಲ್ಕು ವರ್ಷ ಕಾಯುವುದನ್ನು ನಾನು ಒಪ್ಪಲಿಲ್ಲ.

ಕೊನೆಗೆ ನಿಂತದ್ದು ಹೀಗೆ. 2025–26ರಲ್ಲಿ ಗಡಿಯನ್ನು ಒಂದೇ ಸಲ ದಾಟಿ 4,300 ಆಪ್ಷನ್ ಮುಗಿಸುವುದು. ಉಳಿದ 1,700 ಎಕ್ಸರ್‌ಸೈಸ್ ಆಗದೆ ಕೈಯಲ್ಲಿರುತ್ತವೆ, ಕಂಪನಿಯ ಮೇಲಿನ ಅವರ ನಂಬಿಕೆಯ ಪಾಲು ಅದು. ಮುಂದಿನ ಯಾವುದೇ ವರ್ಷ ತೆಗೆದರೂ ಸಂಬಳ ಬಹಳ ಏರದಿದ್ದರೆ 50 ಲಕ್ಷದೊಳಗೇ ಹೊಂದುತ್ತದೆ.

ಕಿಟಕಿ ತೆರೆದಾಗ

ಆಕೆ ತಂಡದ ಮುಖ್ಯಸ್ಥೆ. ಕಂಪನಿಯ ಕೆಲವು ಗೋಪ್ಯ ವರದಿಗಳು ಕೈಗೆ ಬರುವುದರಿಂದ ಸೆಬಿ ನಿಯಮದಲ್ಲಿ ಅವರು ಗುರುತಿಸಿದ ವ್ಯಕ್ತಿಗಳ ಪಟ್ಟಿಯಲ್ಲಿದ್ದರು. ಅಂಥವರಿಗೆ ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಷೇರು ಮಾರುವಂತಿಲ್ಲ. ಇದನ್ನು ಟ್ರೇಡಿಂಗ್ ವಿಂಡೋ ಮುಚ್ಚಿದೆ ಎನ್ನುತ್ತಾರೆ. ಆ ಅವಧಿಯಲ್ಲಿ ಆಪ್ಷನ್ ಎಕ್ಸರ್‌ಸೈಸ್ ಮಾಡಲು ಅಡ್ಡಿಯಿಲ್ಲ, ಮಾರಲು ಮಾತ್ರ ಅಡ್ಡಿ. ಸಿಕ್ಕಿಬೀಳುವುದು ಇಲ್ಲಿಯೇ. ಹೊಸ ಆರ್ಥಿಕ ವರ್ಷ ಬಂತೆಂದು ಏಪ್ರಿಲ್ ಮೊದಲ ವಾರ ಎಕ್ಸರ್‌ಸೈಸ್ ಮಾಡಿದರೆ ತೆರಿಗೆ ಆ ದಿನದ ಬೆಲೆಗೆ ನಿಗದಿಯಾಗುತ್ತದೆ, ಮಾರಲು ಮೇ ತಿಂಗಳ ಫಲಿತಾಂಶದವರೆಗೆ ಕಾಯಬೇಕು. ಫಲಿತಾಂಶ ಕೆಟ್ಟದಾದರೆ ಬಿದ್ದ ಬೆಲೆಗೆ ಮಾರಿ, ಏರಿದ ಬೆಲೆಯ ತೆರಿಗೆ ಹೊತ್ತುಕೊಳ್ಳಬೇಕು.

ಫೆಬ್ರುವರಿಯಲ್ಲಿ ಡಿಸೆಂಬರ್ ತ್ರೈಮಾಸಿಕದ ಫಲಿತಾಂಶ ಬಂದು ವಿಂಡೋ ತೆರೆದಿತ್ತು. ಕಂಪನಿಯ ಅನುಮತಿ ಪಡೆದು 2,500 ಷೇರು ಮಾರಿದರು. ಮಾರ್ಚ್ 15ರ ಮುಂಗಡ ತೆರಿಗೆಯ ಕಂತಿನಲ್ಲಿ ಬಂಡವಾಳ ಲಾಭದ ತೆರಿಗೆ ಕಟ್ಟಿಸಿದೆ. ಕೈಗೆ ಸುಮಾರು 21.25 ಲಕ್ಷ ಉಳಿಯಿತು. ಅದನ್ನು ಎಲ್ಲೂ ಹೂಡದೆ ಅಲ್ಪಾವಧಿ ಠೇವಣಿಯಲ್ಲಿ ಇಡಲು ಹೇಳಿದೆ. ಆಕೆಗೆ ಇದು ಸೋಮಾರಿ ಹಣದಂತೆ ಕಂಡಿತು, ಆದರೆ ಅದಕ್ಕೆ ಕೆಲಸವಿತ್ತು.

ಮೇ ತಿಂಗಳ ಫಲಿತಾಂಶದ ನಂತರ ವಿಂಡೋ ತೆರೆದಾಗ ಬೆಲೆ 840ಕ್ಕೆ ಇಳಿದಿತ್ತು. ಹಿಂದೊಮ್ಮೆ 1,180 ಕಂಡ ಷೇರು. ಮತ್ತೆ ಅಲ್ಲಿಗೆ ಹೋಗುವ ತನಕ ತಡೆಯೋಣ ಎಂದು ಆಕೆ ಎರಡು ದಿನ ಒದ್ದಾಡಿದರು. ಹಳೆಯ ಎತ್ತರದ ಬೆಲೆ ಮನಸ್ಸಿನಲ್ಲಿ ಕೂತರೆ ಅದನ್ನು ಕೀಳುವುದು ಕಷ್ಟ, ನಾನು ಒತ್ತಾಯ ಮಾಡಲಿಲ್ಲ. ಫೆಬ್ರುವರಿಯಲ್ಲಿ ನಾವು ಬರೆದಿಟ್ಟ ಕಾಗದ ತೆಗೆದು ಓದಿದರು. ಬೆಲೆ ಎಷ್ಟೇ ಇರಲಿ, ವಿಂಡೋ ತೆರೆದ ಮೊದಲ ವಾರ 4,300 ಎಂದು ಅವರದೇ ಕೈಬರಹದಲ್ಲಿತ್ತು. ಎಕ್ಸರ್‌ಸೈಸ್ ಮಾಡಿದರು.

ಕಂಪನಿಯ ನಿಯಮ ಹೀಗಿತ್ತು: ತೆರಿಗೆ ಹಣ ಮೊದಲು ಕಟ್ಟಿದರೆ ಮಾತ್ರ ಷೇರು ಡಿಮ್ಯಾಟ್ ಖಾತೆಗೆ ಬರುತ್ತದೆ. ಕೆಲವು ಕಂಪನಿಗಳಲ್ಲಿ ಟ್ರಸ್ಟ್ ಅಥವಾ ಬ್ರೋಕರ್ ಮೂಲಕ ತೆರಿಗೆಗೆ ಬೇಕಾದಷ್ಟು ಷೇರನ್ನು ಅಲ್ಲೇ ಮಾರುವ ಏರ್ಪಾಡು ಇರುತ್ತದೆ, ಇಲ್ಲಿ ಇರಲಿಲ್ಲ. ಒಂದು ಆಪ್ಷನ್‌ಗೆ 830ರಂತೆ ಪರ್ಕ್ವಿಸಿಟ್ 35.69 ಲಕ್ಷ, ಹೆಚ್ಚುವರಿ ತೆರಿಗೆ ಸುಮಾರು 12.87 ಲಕ್ಷ, ಎಕ್ಸರ್‌ಸೈಸ್ ಹಣ 43 ಸಾವಿರ. ಠೇವಣಿಯಲ್ಲಿದ್ದ ಹಣ ಕೆಲಸಕ್ಕೆ ಬಂದದ್ದು ಈಗ. ಇಂಥ ಹೊತ್ತಿನಲ್ಲಿ ಹಣವಿಲ್ಲದವರಿಗೆ ಹಣಕಾಸು ಸಂಸ್ಥೆಗಳು ಇಎಸ್‌ಒಪಿ ಸಾಲ ಕೊಡುತ್ತವೆ, ಅಡವು ಅದೇ ಷೇರು. ಬೆಲೆ ಬಿದ್ದರೆ ಇನ್ನಷ್ಟು ಅಡವು ಇಡಿ ಅಥವಾ ಮಾರುತ್ತೇವೆ ಎನ್ನುತ್ತಾರೆ. ಆಗಲೇ ಒಂದೇ ಕಂಪನಿಗೆ ಅಂಟಿಕೊಂಡ ಮನೆಗೆ ಅದೇ ಷೇರಿನ ಮೇಲೆ ಸಾಲವೂ ಸೇರಿದರೆ ಉಸಿರಾಡಲು ಜಾಗವಿರುವುದಿಲ್ಲ.

ಷೇರು ಖಾತೆಗೆ ಬರಲು ಒಂದು ವಾರ ದಾಟಿತು. ಅಷ್ಟರಲ್ಲಿ ಬೆಲೆ 815. ಅದೇ ದಿನ ಮಾರಿದರು, ಬಂದದ್ದು 35 ಲಕ್ಷ ಚಿಲ್ಲರೆ. ತೆರಿಗೆ, ಎಕ್ಸರ್‌ಸೈಸ್ ಹಣ ಎಲ್ಲ ಕಳೆದು ನಿವ್ವಳ ಸುಮಾರು 21.7 ಲಕ್ಷ. ಷೇರಿಗೆ 25 ರೂಪಾಯಿಯಂತೆ ಆದ 1.07 ಲಕ್ಷದ ನಷ್ಟ ಅಲ್ಪಾವಧಿ ಬಂಡವಾಳ ನಷ್ಟ. ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿದರೆ ಅದನ್ನು ಮುಂದಕ್ಕೆ ಒಯ್ದು ಫಂಡ್ ಮಾರಿದಾಗಿನ ಲಾಭಕ್ಕೆ ಹೊಂದಿಸಿಕೊಳ್ಳಬಹುದು.

ಎರಡು ಮಾರಾಟದ ಒಟ್ಟು 43 ಲಕ್ಷದಲ್ಲಿ 10 ಲಕ್ಷ ಮನೆ ಸಾಲಕ್ಕೆ ಹೋಯಿತು. ಒಂದು ವರ್ಷದ ಮನೆ ಖರ್ಚು ಮತ್ತು ಕಂತಿನಷ್ಟನ್ನು ಠೇವಣಿಯಲ್ಲಿ ಉಳಿಸಿದರು. ತಂದೆ ತಾಯಿಗೆ ಕಂಪನಿಯ ಹೊರಗೆ ಪ್ರತ್ಯೇಕ ಆರೋಗ್ಯ ವಿಮೆ ಮಾಡಿಸಿದರು, ಕೆಲಸ ಹೋದ ಮೇಲೆ ಆ ವಯಸ್ಸಿನವರಿಗೆ ಹೊಸದಾಗಿ ಮಾಡಿಸಹೊರಟರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಅಂದಿನಿಂದ ಶುರುವಾಗುತ್ತದೆ. ಉಳಿದದ್ದು ಕೆಲವು ತಿಂಗಳುಗಳಲ್ಲಿ ಹಂತ ಹಂತವಾಗಿ ಇಂಡೆಕ್ಸ್ ಫಂಡಿಗೆ. ಐಟಿ ವಲಯದ ಫಂಡ್ ಒಂದನ್ನು ಬ್ಯಾಂಕಿನವರು ತೋರಿಸಿದ್ದರು, ಬೇಡವೆಂದೆ. ಕೆಲಸವೇ ಆ ವಲಯದಲ್ಲಿರುವಾಗ ಉಳಿತಾಯವನ್ನೂ ಅಲ್ಲಿಗೇ ಕೊಂಡೊಯ್ದರೆ ಕಂಪನಿ ಬದಲಾಗುತ್ತದೆ, ಅಪಾಯ ಬದಲಾಗುವುದಿಲ್ಲ. ಇದೆಲ್ಲ ಆದ ಮೇಲೆ ವೆಸ್ಟ್ ಆದ 1,700 ಆಪ್ಷನ್ ತೆರಿಗೆ ಕಳೆದು ಅವರ ಹಣಕಾಸಿನ ಆಸ್ತಿಯ ಶೇ 14ರಷ್ಟು. ಒಂದೇ ಕಂಪನಿಯಲ್ಲಿ ಶೇ 15 ದಾಟಬಾರದು ಎಂಬುದು ನಾನು ಇಟ್ಟುಕೊಂಡಿರುವ ಮಿತಿ. ಕಾನೂನೇನೂ ಅಲ್ಲ, ಸಾಲ ಇರುವವರಿಗೆ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು.

ರಿಟರ್ನ್ಸ್‌ನಲ್ಲಿ ಕಂಡ ತಪ್ಪು

2,500 ಷೇರಿನ ಮಾರಾಟವನ್ನು ರಿಟರ್ನ್ಸ್‌ಗೆ ಸೇರಿಸುವಾಗ ಬ್ರೋಕರ್ ಕೊಟ್ಟ ಲಾಭನಷ್ಟದ ವರದಿಯಲ್ಲಿ ಕೊಳ್ಳುವ ಬೆಲೆ 10 ರೂಪಾಯಿ ಎಂದಿತ್ತು. ಅದನ್ನೇ ಹಾಕಿದ್ದರೆ ಲಾಭ 12.75ರ ಬದಲು 22.5 ಲಕ್ಷ ಆಗುತ್ತಿತ್ತು. 10ರಿಂದ 400ರವರೆಗಿನ ಭಾಗಕ್ಕೆ 2022ರಲ್ಲೇ ಸಂಬಳದ ದರದಲ್ಲಿ ತೆರಿಗೆ ಕಟ್ಟಿದ್ದಾರೆ, ಅದಕ್ಕೇ ಮತ್ತೊಮ್ಮೆ ಕಟ್ಟಿದಂತೆ. ಬ್ರೋಕರ್‌ಗೆ ಪರ್ಕ್ವಿಸಿಟ್ ವಿಷಯ ಗೊತ್ತಿರುವುದಿಲ್ಲ, ಹಾಗಾಗಿ ಈ ತಪ್ಪು ತೀರಾ ಸಾಮಾನ್ಯ. ಕೆಲವರ ವರದಿಯಲ್ಲಿ ಕೊಳ್ಳುವ ಬೆಲೆ ಸೊನ್ನೆಯೇ ಇರುತ್ತದೆ. ಗುರುತಿಸುವುದು ಸುಲಭ: ಕೊಳ್ಳುವ ಬೆಲೆಯ ಜಾಗದಲ್ಲಿ ಎಕ್ಸರ್‌ಸೈಸ್ ಬೆಲೆ ಕಂಡರೆ ವರದಿ ತಪ್ಪು. ಸರಿಯಾದ ಬೆಲೆಗೆ ಆಧಾರ ಆ ವರ್ಷದ ಫಾರ್ಮ್ 16ರ ಜೊತೆ ಬರುವ ಫಾರ್ಮ್ 12ಬಿಎ, ಮತ್ತು ಎಕ್ಸರ್‌ಸೈಸ್ ದಿನ ಕಂಪನಿ ಕೊಟ್ಟ ಪತ್ರ. ಆಕೆಯ ಬಳಿ ಪತ್ರ ಇರಲಿಲ್ಲ. ಕಂಪನಿಯ ಎಚ್‌ಆರ್‌ಗೆ ಬರೆದು ತರಿಸಲು ಮೂರು ವಾರ ಹಿಡಿಯಿತು. ಕೆಲಸ ಬಿಟ್ಟವರಾಗಿದ್ದರೆ ಅದೂ ಸಿಗುತ್ತಿತ್ತೋ ಇಲ್ಲವೋ.

ಅದೇ ಪತ್ರವ್ಯವಹಾರದಲ್ಲಿ ಇನ್ನೊಂದನ್ನು ಬರಹದಲ್ಲಿ ಕೇಳಿಸಿದೆ: ಕೆಲಸ ಬಿಟ್ಟರೆ ಅಥವಾ ತೆಗೆದರೆ ಉಳಿದ 1,700 ಆಪ್ಷನ್ ಎಷ್ಟು ದಿನ ಜೀವಂತ? ಕೆಲಸದಲ್ಲಿರುವವರೆಗೆ 2029ರ ತನಕ, ಕೊನೆಯ ಕೆಲಸದ ದಿನದಿಂದಾದರೆ 90 ದಿನ, ಆ ಅವಧಿಯಲ್ಲಿ ವಿಂಡೋ ಮುಚ್ಚಿದ್ದರೂ ದಿನ ವಿಸ್ತರಿಸುವುದಿಲ್ಲ ಎಂದು ಉತ್ತರ ಬಂತು. ವೆಸ್ಟ್ ಆಗದ 2,000 ಅದೇ ದಿನ ರದ್ದು. ಹಾಗಾಗಿ ಆ 90 ದಿನದಲ್ಲಿ 1,700ನ್ನು ಎಕ್ಸರ್‌ಸೈಸ್ ಮಾಡಲು ಬೇಕಾಗುವ ತೆರಿಗೆ, ಈಗಿನ ಬೆಲೆಗೆ ಸುಮಾರು 4.3 ಲಕ್ಷ, ಬೇರೆಯೇ ಠೇವಣಿಯಲ್ಲಿ ಇರಿಸಿದ್ದೇವೆ. ಬೆಲೆ ಬಹಳ ಏರಿದರೆ ಆ ಮೊತ್ತವನ್ನೂ ಏರಿಸಬೇಕು, ಪ್ರತಿ ತ್ರೈಮಾಸಿಕದ ಫಲಿತಾಂಶದ ವಾರ ಆಕೆ ಅದನ್ನು ನೋಡಿಕೊಳ್ಳುತ್ತಾರೆ.